ಅರ್ಧ ಹಣ ಬಂದಿದೆ, ಅರ್ಧ ಸರಕು ಉಗ್ರಾಣದಲ್ಲಿದೆ: ಈಗ ಏನೆಂದು ಬರೆಯಬೇಕು?

ಮೊಬೈಲ್‌ಗೆ ಬ್ಯಾಂಕಿನ ಸಂದೇಶ ಬರುತ್ತದೆ: ₹50,000 ಜಮೆಯಾಗಿದೆ. ಹತ್ತು ನಿಮಿಷದಲ್ಲಿ ಖರೀದಿದಾರರ ಕರೆಯೂ ಬರುತ್ತದೆ: "ಹಣ ಹಾಕಿದ್ದೇನೆ, ಉಳಿದ ಮಾಲನ್ನು ಇವತ್ತೇ ಕಳುಹಿಸಿಬಿಡಿ, ಬಾಕಿಯನ್ನು ನೋಡಿ ಕೊಡುತ್ತೇನೆ." ಮನೆಯಲ್ಲೇ ಹಪ್ಪಳ ಮಾಡುವವರು, ನಾಲ್ಕು ಮಗ್ಗ ಇಟ್ಟುಕೊಂಡವರು, ಪೀಠೋಪಕರಣ ಮಾಡುವ ಬಡಗಿಗಳು, ಎಲ್ಲರೂ ಒಂದಲ್ಲ ಒಂದು ದಿನ ಈ ಕರೆಗೆ ಉತ್ತರ ಕೊಡಲೇಬೇಕಾಗುತ್ತದೆ. ಹೆಚ್ಚಿನವರು "ಹಣ ಬಂತು, ಧನ್ಯವಾದ" ಎಂದು ಬರೆದು ಲಾರಿಗೆ ಹೇಳಿಬಿಡುತ್ತಾರೆ. ಬಾಕಿ ವಸೂಲಾಗದೆ ಉಳಿದಾಗ, ಆ ಮೂರು ಪದಗಳ ಬದಲು ಬೇರೆ ನಾಲ್ಕು ಸಾಲು ಬರೆದಿದ್ದರೆ ಏನಾಗುತ್ತಿತ್ತು ಎಂಬುದು ತಿಳಿಯುತ್ತದೆ.

ಆ ನಾಲ್ಕು ಸಾಲಿನಲ್ಲಿ ಏನಿರಬೇಕು, ಏಕಿರಬೇಕು ಎಂಬುದನ್ನು ಒಂದೇ ಉದಾಹರಣೆ ಹಿಡಿದು ನೋಡೋಣ.

## ಒಂದು ಆರ್ಡರಿನ ಲೆಕ್ಕ

ಪುತ್ತೂರಿನ ಕಡೆಯ ಒಂದು ಸಣ್ಣ ಘಟಕವನ್ನು ಊಹಿಸಿಕೊಳ್ಳಿ. ಅಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುತ್ತಾರೆ. ಹುಬ್ಬಳ್ಳಿಯ ವರ್ತಕರೊಬ್ಬರು ಮದುವೆಯ ಕಾಲಕ್ಕೆಂದು ಫೆಬ್ರವರಿಯಲ್ಲಿ 24,000 ತಟ್ಟೆ ಕೇಳುತ್ತಾರೆ. ತಟ್ಟೆಗೆ ₹5ರಂತೆ ಒಟ್ಟು ₹1,20,000. ಮಾತು ಹೀಗಾಗಿದೆ: ಮುಂಗಡ ₹40,000, ಸರಕು 12,000ದಂತೆ ಎರಡು ಲೋಡ್, ಎರಡನೆಯ ಲೋಡ್ ಹೊರಡುವ ಮೊದಲು ಪೂರ್ತಿ ಹಣ.

ಮುಂಗಡ ಬಂದಿದೆ. ಮಾರ್ಚ್ 4ರಂದು ಮೊದಲ ಲೋಡ್ ಹೋಗಿದೆ. ಮಾರ್ಚ್ 12ರಂದು ₹50,000 ಜಮೆಯಾಗಿದೆ, ಆದರೆ ಅದು ಯಾವುದಕ್ಕೆ ಎಂದು ಒಂದು ಮಾತೂ ಬಂದಿಲ್ಲ. ಇದರ ನಡುವೆ ಇನ್ನೊಂದು ಎಳೆ ಇದೆ. ಕಳೆದ ಡಿಸೆಂಬರಿನಲ್ಲಿ ಇದೇ ವರ್ತಕರು ಒಯ್ದ ಸರಕಿನ ₹12,000 ಇನ್ನೂ ಬಾಕಿ ಇದೆ. ಎರಡನೆಯ ಲೋಡಿನ 12,000 ತಟ್ಟೆಗಳು ಕಟ್ಟು ಕಟ್ಟಿ ಉಗ್ರಾಣದಲ್ಲಿ ಕೂತಿವೆ.

ಹೀಗಿರುವಾಗ ವರ್ತಕರು ಕೊಡಬೇಕಾದದ್ದು ಎಷ್ಟು? ಒಟ್ಟು ಬಾಕಿ ₹42,000 ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ₹42,000 ಯಾವ ಬಿಲ್ಲಿನ ಮೇಲೆ ನಿಂತಿದೆ ಎಂಬುದರ ಮೇಲೆ ಉಗ್ರಾಣದಲ್ಲಿರುವ ಸರಕಿನ ಗತಿ ನಿಂತಿದೆ. ಅದು ಹೇಗೆಂದು ಮುಂದೆ ನೋಡೋಣ.

## ಹಣ ನಿಜಕ್ಕೂ ಬಂದಿದೆಯೇ

ಸ್ವೀಕೃತಿ ಬರೆಯುವುದಕ್ಕೆ ಮೊದಲು ಖಾತೆಯನ್ನು ತೆರೆದು ನೋಡಬೇಕು. ಖರೀದಿದಾರರು ಕಳುಹಿಸಿದ ಸ್ಕ್ರೀನ್‌ಶಾಟ್ ಹಣವಲ್ಲ. ಅದು ಹೆಚ್ಚೆಂದರೆ ಹಣ ಹೊರಟಿದೆ ಎಂಬ ಸುದ್ದಿ. ನೆಫ್ಟ್ ಅಥವಾ ಆರ್‌ಟಿಜಿಎಸ್ ಮೂಲಕ ಬಂದ ಪ್ರತಿ ಮೊತ್ತಕ್ಕೂ ಒಂದು ಯುಟಿಆರ್ ಸಂಖ್ಯೆ ಇರುತ್ತದೆ. ನಿಮ್ಮ ಖಾತೆಯ ವಿವರದಲ್ಲಿ ಅದೇ ಸಂಖ್ಯೆ ಕಂಡರೆ ಮಾತ್ರ "ಬಂದಿದೆ" ಎಂದು ಬರೆಯಿರಿ.

ಚೆಕ್‌ನ ಲೆಕ್ಕ ಬೇರೆ. ಚೆಕ್ ಕೈಗೆ ಬಂದರೆ ಕಾಗದ ಬಂದಂತಷ್ಟೇ. "ಚೆಕ್ ತಲುಪಿದೆ, ನಗದಾದ ಮೇಲೆ ಲೆಕ್ಕಕ್ಕೆ ಹಿಡಿಯುತ್ತೇವೆ" ಎಂದು ಬರೆಯುವುದು ಸರಿ. ಚೆಕ್ ಅಮಾನ್ಯವಾಗಿ ಮರಳಿದರೆ, ಕಾನೂನಿನ ಕಣ್ಣಿನಲ್ಲಿ ಮಾರಿದವರು ಮತ್ತೆ "ಹಣ ಬಾರದ ಮಾರಾಟಗಾರ"ರೇ ಆಗುತ್ತಾರೆ. ಈ ಪದಗುಚ್ಛವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಬೆಲೆಯ ಪೂರ್ತಿ ಹಣ ಬರುವವರೆಗೂ ಮಾರಿದವರು ಇದೇ ವರ್ಗದಲ್ಲಿರುತ್ತಾರೆ. ನೂರಕ್ಕೆ ತೊಂಬತ್ತು ಭಾಗ ಬಂದಿದ್ದರೂ ಹಾಗೆಯೇ.

ಕಾಗದದ ರಸೀದಿ ಕೊಡುವುದಾದರೆ, ₹5,000 ದಾಟಿದ ಮೊತ್ತಕ್ಕೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಸಹಿ ಹಾಕುವ ಹಳೆಯ ನಿಯಮ ಈಗಲೂ ಇದೆ.

## ಈ ₹50,000 ಯಾವ ಬಿಲ್ಲಿಗೆ?

ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೋಡಿದವರಿಗೆ ಈ ಪ್ರಶ್ನೆ ಹೊಸದಲ್ಲ. ಗಿರಾಕಿ ಐನೂರು ರೂಪಾಯಿ ಕೊಟ್ಟಾಗ ಅಂಗಡಿಯವರು ಹಳೆಯ ಬಾಕಿಗೆ ಹಚ್ಚುತ್ತಾರೋ ಇವತ್ತಿನ ಸಾಮಾನಿಗೆ ಹಚ್ಚುತ್ತಾರೋ? ಭಾರತೀಯ ಕರಾರು ಕಾಯ್ದೆ ಇದಕ್ಕೆ 59, 60, 61ನೆಯ ಕಲಮುಗಳಲ್ಲಿ ಸರಳ ಕ್ರಮವೊಂದನ್ನು ಹೇಳುತ್ತದೆ. ಕೊಡುವವರು "ಇದು ಇಂಥ ಬಿಲ್ಲಿಗೆ" ಎಂದು ಹೇಳಿದ್ದರೆ, ಅಥವಾ ಸಂದರ್ಭದಿಂದಲೇ ಅದು ತಿಳಿಯುವಂತಿದ್ದರೆ, ಪಡೆದವರು ಹಾಗೆಯೇ ಹಚ್ಚಬೇಕು. ಅಂಥ ಸೂಚನೆ ಏನೂ ಇಲ್ಲದಿದ್ದರೆ, ಕೊಡಬೇಕಾದ ದಿನ ಬಂದಿರುವ ಯಾವ ಬಾಕಿಗೆ ಹಚ್ಚಬೇಕೆಂಬ ಆಯ್ಕೆ ಪಡೆದವರದು. ಇಬ್ಬರೂ ಏನೂ ಹೇಳದೆ ಬಿಟ್ಟರೆ ಹಳೆಯ ಬಾಕಿ ಮೊದಲು ತೀರುತ್ತದೆ.

ನಮ್ಮ ಉದಾಹರಣೆಯಲ್ಲಿ ವರ್ತಕರು ಏನನ್ನೂ ಹೇಳಿಲ್ಲ. ಹಾಗಾಗಿ ಘಟಕದವರು ₹12,000 ಅನ್ನು ಡಿಸೆಂಬರ್ ಬಿಲ್ಲಿಗೆ ಹಚ್ಚಿ, ಉಳಿದ ₹38,000 ಅನ್ನು ಹೊಸ ಆರ್ಡರಿಗೆ ಹಿಡಿಯಬಹುದು. ಆಗ ಹೊಸ ಆರ್ಡರಿಗೆ ಬಂದದ್ದು ಮುಂಗಡ ಸೇರಿ ₹78,000. ಅದರ ಬಾಕಿ ₹42,000. ಪೂರ್ತಿ ₹50,000 ಅನ್ನು ಹೊಸ ಆರ್ಡರಿಗೇ ಹಚ್ಚಿದರೆ ಹೊಸದರ ಬಾಕಿ ₹30,000 ಮಾತ್ರ, ಹಳೆಯ ₹12,000 ಹಾಗೆಯೇ ಉಳಿಯುತ್ತದೆ.

ಮೊತ್ತ ಒಂದೇ ಆದರೂ ಪರಿಣಾಮ ಬೇರೆ. ಸರಕನ್ನು ಹಿಡಿದಿಡುವ ಹಕ್ಕು ಆ ಸರಕಿನ ಬೆಲೆಗಷ್ಟೇ ಸಂಬಂಧಿಸಿದ್ದು. ಡಿಸೆಂಬರಿನಲ್ಲಿ ಹೋದ ತಟ್ಟೆಗಳ ಹಣಕ್ಕಾಗಿ ಮಾರ್ಚಿನ ತಟ್ಟೆಗಳನ್ನು ಕಟ್ಟಿಹಾಕುವಂತಿಲ್ಲ, ಇಬ್ಬರ ನಡುವೆ ಹಾಗೆಂದು ಬೇರೆ ಒಪ್ಪಂದ ಇಲ್ಲದಿದ್ದರೆ. ಎರಡನೆಯ ರೀತಿಯಲ್ಲಿ ಹಚ್ಚಿದರೆ, ₹30,000 ಬಂದ ಕೂಡಲೇ ಸರಕು ಬಿಡಬೇಕು, ಹಳೆಯ ₹12,000ದ ಹಿಂದೆ ಬರಿಗೈಯಲ್ಲಿ ಅಲೆಯಬೇಕು. ಮೊದಲ ರೀತಿಯಲ್ಲಿ ಹಚ್ಚಿದರೆ, ಇರುವ ಬಾಕಿಯೆಲ್ಲ ಕಣ್ಣೆದುರಿನ ಸರಕಿನ ಮೇಲೆಯೇ ನಿಲ್ಲುತ್ತದೆ.

ಒಂದು ಎಚ್ಚರಿಕೆ ಇದೆ. ವರ್ತಕರು ಫೋನಿನಲ್ಲಿ "ಎರಡನೆಯ ಲೋಡಿಗೆಂದು ಐವತ್ತು ಸಾವಿರ ಹಾಕಿದ್ದೇನೆ" ಎಂದಿದ್ದರೆ ಆಯ್ಕೆ ಘಟಕದವರ ಕೈಯಲ್ಲಿ ಇಲ್ಲ. ಹಣ ಬಂದ ದಿನವೇ ಹಂಚಿಕೆಯನ್ನು ಬರೆದು ತಿಳಿಸುವುದು ಈ ಕಾರಣಕ್ಕೂ ಒಳ್ಳೆಯದು: ಅವರ ಮನಸ್ಸಿನಲ್ಲಿ ಬೇರೆ ಲೆಕ್ಕವಿದ್ದರೆ ಅದು ಆಗಲೇ ಹೊರಬರುತ್ತದೆ. ಮೂರು ತಿಂಗಳ ನಂತರ ಖಾತೆ ಪುಸ್ತಕ ತೆರೆದು ಕೂತಾಗ ಹೊರಬಂದರೆ ಜಗಳವಾಗುತ್ತದೆ.

## ಸರಕು ಹಿಡಿದಿಡುವ ಹಕ್ಕು ಎಲ್ಲಿಂದ ಬಂತು

ಬೇರೆ ಮಾತು ಆಗಿರದಿದ್ದರೆ ಸರಕು ಕೊಡುವುದೂ ಹಣ ಕೊಡುವುದೂ ಒಂದೇ ಕಾಲಕ್ಕೆ ನಡೆಯಬೇಕು ಎಂಬುದು ಸರಕು ಮಾರಾಟ ಕಾಯ್ದೆಯ ಮೂಲ ನಿಲುವು. ಸಂತೆಯಲ್ಲಿ ಒಂದು ಕೈಯಲ್ಲಿ ತರಕಾರಿ, ಇನ್ನೊಂದು ಕೈಯಲ್ಲಿ ಹಣ ಬದಲಾಗುವ ಹಾಗೆ. ಈ ನಿಲುವಿನಿಂದಲೇ, ಹಣ ಪೂರ್ತಿ ಬಾರದ ಮಾರಾಟಗಾರರು ಕೈಯಲ್ಲಿರುವ ಸರಕನ್ನು ಬಿಡದೆ ಇಟ್ಟುಕೊಳ್ಳಬಹುದು ಎಂಬ ಹಕ್ಕು ಹುಟ್ಟುತ್ತದೆ. ಕಾಯ್ದೆಯ 47ನೆಯ ಕಲಮು ಅದನ್ನು ಹೇಳುತ್ತದೆ. 48ನೆಯ ಕಲಮು ಒಂದು ಹೆಜ್ಜೆ ಮುಂದೆ ಹೋಗಿ, ಸ್ವಲ್ಪ ಸರಕನ್ನು ಈಗಾಗಲೇ ಕೊಟ್ಟಿದ್ದರೂ ಉಳಿದದ್ದರ ಮೇಲೆ ಹಕ್ಕು ಇರುತ್ತದೆ ಎನ್ನುತ್ತದೆ. ಕೊಟ್ಟ ರೀತಿಯಲ್ಲೇ "ಹಕ್ಕು ಬಿಟ್ಟುಕೊಟ್ಟಿದ್ದಾರೆ" ಎಂದು ಕಾಣುವಂತಿರಬಾರದು, ಅಷ್ಟೇ.

ಹಕ್ಕು ಕಳೆದುಹೋಗುವುದು ಬಹಳ ಸುಲಭ. ಸರಕು ಖರೀದಿದಾರರ ಕೈ ಸೇರಿದ ಕ್ಷಣ ಅದು ಮುಗಿಯಿತು. ವಿಲೇವಾರಿಯ ಹಕ್ಕನ್ನು ತಮ್ಮ ಬಳಿ ಇಟ್ಟುಕೊಳ್ಳದೆ, ಖರೀದಿದಾರರ ಹೆಸರಿಗೆ ಲಾರಿ ಕಚೇರಿಗೆ ಒಪ್ಪಿಸಿದರೂ ಮುಗಿಯಿತು. ಆಮೇಲೆ ಉಳಿಯುವುದು ಹಣಕ್ಕಾಗಿ ಕೇಳುವ, ಕೊನೆಗೆ ದಾವೆ ಹೂಡುವ ದಾರಿ. ₹42,000ಕ್ಕೆ ಪುತ್ತೂರಿನಿಂದ ಹುಬ್ಬಳ್ಳಿಗೆ ಓಡಾಡುವ ಖರ್ಚನ್ನು ಲೆಕ್ಕ ಹಾಕಿದರೆ, ಉಗ್ರಾಣದ ಬೀಗದ ಬೆಲೆ ಅರ್ಥವಾಗುತ್ತದೆ.

ಹಕ್ಕು ಕಳೆದುಕೊಳ್ಳುವ ಇನ್ನೊಂದು ದಾರಿ ಕಣ್ಣಿಗೆ ಬೀಳುವುದೇ ಇಲ್ಲ. ಅದು ಮಾರಿದವರೇ ಬರೆಯುವ ಸಂದೇಶದಲ್ಲಿ ಅಡಗಿರುತ್ತದೆ.

## ದಿನಾಂಕ ಕೇಳುವುದು ಬೇರೆ, ಉದ್ರಿ ಕೊಡುವುದು ಬೇರೆ

47ನೆಯ ಕಲಮಿನಲ್ಲಿ ಒಂದು ಮುಖ್ಯ ಷರತ್ತು ಇದೆ. ಉದ್ರಿಯ ಮಾತಿಲ್ಲದೆ ಮಾರಿದ ಸರಕಿಗೆ ಹಿಡಿದಿಡುವ ಹಕ್ಕು ಇದೆ. ಉದ್ರಿ ಕೊಟ್ಟಿದ್ದರೆ, ಆ ಅವಧಿ ಮುಗಿದ ಮೇಲಷ್ಟೇ ಹಕ್ಕು ಬರುತ್ತದೆ. (ಖರೀದಿದಾರರು ದಿವಾಳಿಯಾದರೆ ಅದು ಬೇರೆ ಮಾತು.)

ಈಗ ಈ ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟು ಓದಿ. "ಬಾಕಿ ₹42,000 ಅನ್ನು ಮಾರ್ಚ್ 31ರೊಳಗೆ ಕೊಡಿ" ಎಂಬುದು ಒಂದು. "ಬಾಕಿ ₹42,000 ಜಮೆಯಾದ ಮರುದಿನ ಸರಕು ಹೊರಡುತ್ತದೆ, ಯಾವ ದಿನ ಜಮೆ ಮಾಡುತ್ತೀರಿ ಎಂದು ತಿಳಿಸಿ" ಎಂಬುದು ಇನ್ನೊಂದು. ಮೊದಲನೆಯದನ್ನು ಖರೀದಿದಾರರು ಹೀಗೆ ಓದಬಹುದು: ಹಣಕ್ಕೆ ಮಾರ್ಚ್ 31ರವರೆಗೆ ಸಮಯ ಕೊಟ್ಟಿದ್ದಾರೆ, ಆದ್ದರಿಂದ ಸರಕನ್ನು ಈಗಲೇ ಕಳುಹಿಸಬೇಕು. ಬರೆದವರ ಮನಸ್ಸಿನಲ್ಲಿ ಅದಿರಲಿಲ್ಲ, ಆದರೆ ಬರಹ ಹಾಗೆ ಓದಲು ಜಾಗ ಬಿಟ್ಟಿದೆ. ಎರಡನೆಯ ಸಾಲು ಹಣ ಮೊದಲು, ಸರಕು ಆಮೇಲೆ ಎಂಬ ಕ್ರಮವನ್ನು ಹೇಳಿದ ನಂತರವೇ ದಿನಾಂಕ ಕೇಳುತ್ತದೆ. ಅಲ್ಲಿ ದಿನಾಂಕ ಲಾರಿ ಗೊತ್ತುಮಾಡುವುದಕ್ಕೆ ಬೇಕಾದ ಮಾಹಿತಿ ಮಾತ್ರ.

"ನಿಧಾನವಾಗಿ ಕೊಡಿ, ಅವಸರವೇನಿಲ್ಲ" ಎಂಬ ಸೌಜನ್ಯದ ಮಾತಿಗೂ ಇದೇ ಅಪಾಯವಿದೆ. ನಮ್ಮಲ್ಲಿ ಹಣ ಕೇಳುವಾಗ ನಾಲಿಗೆ ತಡವರಿಸುತ್ತದೆ. ಸಂಬಂಧ ಕೆಡಬಾರದೆಂದು ಆಡಿದ ಮಾತು ಲೆಕ್ಕದಲ್ಲಿ ಉದ್ರಿಯಾಗಿ ನಿಲ್ಲುತ್ತದೆ. ಸೌಜನ್ಯವನ್ನು ಧನ್ಯವಾದದಲ್ಲಿ ತೋರಿಸಿ, ಷರತ್ತಿನಲ್ಲಿ ಬೇಡ.

ಅದೇ ರೀತಿ ರಸೀದಿಯಲ್ಲಿ ತಪ್ಪಿಯೂ ಬರಬಾರದ ಪದ "ಚುಕ್ತಾ". ಬರಬೇಕಾದದ್ದಕ್ಕಿಂತ ಕಡಿಮೆ ಮೊತ್ತವನ್ನು ಪೂರ್ತಿ ಸಾಲಕ್ಕೆ ಸಮನೆಂದು ಒಪ್ಪಿಕೊಂಡರೆ ಸಾಲ ಅಲ್ಲಿಗೇ ತೀರುತ್ತದೆ ಎಂದು ಕರಾರು ಕಾಯ್ದೆಯ 63ನೆಯ ಕಲಮು ಹೇಳುತ್ತದೆ. ಮುದ್ರಿತ ರಸೀದಿ ಪುಸ್ತಕದಲ್ಲಿ "ಬಿಲ್ಲಿನ ಹಣ ಸಂದಿದೆ" ಎಂಬ ಸಾಲು ಮೊದಲೇ ಅಚ್ಚಾಗಿರುವುದುಂಟು. ಅದನ್ನು ಹೊಡೆದು "ಭಾಗಶಃ ಪಾವತಿ" ಎಂದು ಬರೆಯಬೇಕು.

## ಸಂದೇಶ ಹೀಗಿರಬಹುದು

ಮೇಲೆ ಹೇಳಿದ್ದೆಲ್ಲ ಸೇರಿ, ಘಟಕದವರು ಮಾರ್ಚ್ 12ರ ಸಂಜೆ ಕಳುಹಿಸಬಹುದಾದ ಪತ್ರ ಇದು:

> ನಮಸ್ಕಾರ. ಇಂದು ತಾವು ಕಳುಹಿಸಿದ ₹50,000 ನಮ್ಮ ಖಾತೆಗೆ ಜಮೆಯಾಗಿದೆ (ಯುಟಿಆರ್ ಸಂಖ್ಯೆ ಇಂಥದ್ದು). ಧನ್ಯವಾದಗಳು.
>
> ಇದರಲ್ಲಿ ₹12,000 ಅನ್ನು ಡಿಸೆಂಬರ್ ಬಿಲ್ಲಿನ ಬಾಕಿಗೆ ಹಚ್ಚಿದ್ದೇವೆ, ಆ ಬಿಲ್ಲು ತೀರಿತು. ಉಳಿದ ₹38,000 ಅನ್ನು ಫೆಬ್ರವರಿಯ 24,000 ತಟ್ಟೆಗಳ ಆರ್ಡರಿಗೆ ಭಾಗಶಃ ಪಾವತಿಯಾಗಿ ಹಿಡಿದಿದ್ದೇವೆ. ಮುಂಗಡ ಸೇರಿ ಈ ಆರ್ಡರಿಗೆ ₹78,000 ಬಂದಿದೆ. ₹1,20,000ರಲ್ಲಿ ಬಾಕಿ ₹42,000.
>
> ಎರಡನೆಯ ಲೋಡಿನ 12,000 ತಟ್ಟೆಗಳು ಸಿದ್ಧವಾಗಿವೆ. ಮೊದಲೇ ಮಾತಾಡಿಕೊಂಡಂತೆ ಬಾಕಿ ಜಮೆಯಾದ ಮರುದಿನ ಲಾರಿಗೆ ಹಾಕುತ್ತೇವೆ.
>
> ಮಾರ್ಚ್ 20ರೊಳಗೆ ಬಾಕಿ ಕಳುಹಿಸಲು ತಮಗೆ ಅನುಕೂಲವಾಗುತ್ತದೆಯೇ? ಆಗದಿದ್ದರೆ ಯಾವ ದಿನ, ಒಂದೇ ಸಲವೋ ಎರಡು ಸಲವೋ ಎಂದು ದಯವಿಟ್ಟು ತಿಳಿಸಿ. ಲೆಕ್ಕದಲ್ಲಿ ವ್ಯತ್ಯಾಸ ಕಂಡರೆ ಈಗಲೇ ಹೇಳಿ.

ಬರಿದೇ "ಯಾವಾಗ ಕೊಡುತ್ತೀರಿ?" ಎಂದು ಕೇಳಿದರೆ "ಬೇಗ ಕೊಡುತ್ತೇನೆ" ಎಂಬ ಉತ್ತರ ಬರುತ್ತದೆ. ದಿನಾಂಕವೊಂದನ್ನು ಮುಂದಿಟ್ಟರೆ ಅವರು ಅದನ್ನು ಒಪ್ಪಬೇಕು, ಇಲ್ಲವೇ ಬೇರೊಂದನ್ನು ಹೇಳಬೇಕು. ಅವರು "ಬಾಕಿ ₹42,000, ಮಾರ್ಚ್ 24ಕ್ಕೆ ಕೊಡುತ್ತೇನೆ" ಎಂದು ಬರೆದು ಸಹಿ ಹಾಕಿದರೆ ಅದಕ್ಕೆ ಇನ್ನೊಂದು ಬೆಲೆಯೂ ಇದೆ. ಮಾರಿದ ಸರಕಿನ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇದೆ. ಆ ಅವಧಿಯೊಳಗೆ ಸಾಲಗಾರರು ಸಹಿ ಮಾಡಿದ ಬರಹದಲ್ಲಿ ಬಾಕಿಯನ್ನು ಒಪ್ಪಿಕೊಂಡರೆ ಮೂರು ವರ್ಷಗಳ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಮಾರಿದವರು ಎಷ್ಟೇ ಜ್ಞಾಪನಾ ಪತ್ರ ಬರೆದರೂ ಆ ಫಲ ಬಾರದು. ಬರಹ ಅವರದೇ ಆಗಿರಬೇಕು.

## "ಹಣ ಕೊಟ್ಟಷ್ಟಾದರೂ ಸರಕು ಕೊಡಿ" ಎಂದರೆ

ಇದು ನ್ಯಾಯವಾದ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ. ಆರ್ಡರಿಗೆ ₹78,000 ಬಂದಿದೆ, ಹೋದ ಸರಕು ₹60,000ದ್ದು. ಅಂದರೆ ₹18,000, ತಟ್ಟೆಯ ಲೆಕ್ಕದಲ್ಲಿ 3,600, ವರ್ತಕರ ಹಣ ಘಟಕದವರ ಬಳಿ ಇದೆ.

ಆರ್ಡರ್ ಒಂದೇ, ಪೂರ್ತಿ ಹಣದ ನಂತರ ಎರಡನೆಯ ಲೋಡ್ ಎಂದು ಮಾತಾಗಿದ್ದರೆ ಇಡೀ ಎರಡನೆಯ ಲೋಡನ್ನು ಹಿಡಿದಿಡಬಹುದು. ಪ್ರತಿ ಲೋಡಿಗೂ ಬೇರೆ ಬೇರೆ ಹಣ ಎಂದು ಮಾತಾಗಿದ್ದರೆ ಆಯಾ ಲೋಡಿನ ಲೆಕ್ಕ ಆಯಾ ಲೋಡಿಗೇ. ಹಾಗಾಗಿ ಮೊದಲ ದಿನದ ಮಾತನ್ನು ಬರೆದಿಟ್ಟುಕೊಂಡಿರುವವರಿಗೆ ಇಲ್ಲಿ ಕಷ್ಟವಿಲ್ಲ.

ಹಕ್ಕು ಇದ್ದರೂ, ಮದುವೆ ಎದುರಿಗಿರುವ ವರ್ತಕರಿಗೆ 3,600 ತಟ್ಟೆ ಬಿಟ್ಟುಕೊಡುವುದು ಒಳ್ಳೆಯ ನಡೆ ಎಂದು ನನಗೆ ಅನಿಸುತ್ತದೆ. ಉಳಿದ 8,400 ತಟ್ಟೆಗಳ ಬೆಲೆ ಸರಿಯಾಗಿ ₹42,000. ಬಾಕಿಗೂ ಸರಕಿಗೂ ತಕ್ಕಡಿ ಸಮವಾಗಿಯೇ ಇರುತ್ತದೆ. ಆದರೆ ಕಳುಹಿಸುವಾಗ ಒಂದು ಸಾಲು ಸೇರಿಸಲೇಬೇಕು: "ತಮ್ಮ ಅಗತ್ಯಕ್ಕಾಗಿ 3,600 ತಟ್ಟೆ ಕಳುಹಿಸುತ್ತಿದ್ದೇವೆ, ಉಳಿದ 8,400 ಬಾಕಿ ಜಮೆಯಾದ ಮೇಲೆ." ಈ ಸಾಲಿಲ್ಲದಿದ್ದರೆ "ಹಣ ಬಾರದೆಯೂ ಕಳುಹಿಸಿದ್ದೀರಲ್ಲ" ಎಂಬ ವಾದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.

ವರ್ತಕರು ಮೊದಲ ಲೋಡಿನ ಬಗ್ಗೆ ದೂರು ಹೇಳಿದರೆ, ಉದಾಹರಣೆಗೆ 300 ತಟ್ಟೆ ಒಡೆದಿವೆ ಎಂದರೆ, ಅದನ್ನು ಬಾಕಿಯ ಮಾತಿನೊಳಗೆ ಬೆರೆಸಿ ಇಡಬೇಡಿ. ಫೋಟೋ ತರಿಸಿ ನೋಡಿ, ಒಪ್ಪುವುದಾದರೆ ₹1,500 ಕಳೆದು, ಬಾಕಿ ₹40,500 ಎಂದು ಹೊಸ ಮೊತ್ತವನ್ನು ಬರೆದು ತಿಳಿಸಿ. ತಕರಾರು ಇತ್ಯರ್ಥವಾಗದ ಬಾಕಿಗೆ ಯಾರೂ ದಿನಾಂಕ ಕೊಡುವುದಿಲ್ಲ.

ಇಬ್ಬರಿಗೂ ಪೂರ್ತಿ ನಂಬಿಕೆ ಬಾರದಿದ್ದಾಗ ನಡುದಾರಿಯೊಂದಿದೆ. ಸರಕನ್ನು ಲಾರಿ ಕಚೇರಿಯಲ್ಲಿ ಮಾರುವವರದೇ ಹೆಸರಿಗೆ, ವ್ಯಾಪಾರದ ಮಾತಿನಲ್ಲಿ "ಸೆಲ್ಫ್" ಎಂದು, ಬುಕ್ ಮಾಡುವುದು. ಸರಕು ಹುಬ್ಬಳ್ಳಿಯ ಕಚೇರಿಯವರೆಗೆ ಹೋಗುತ್ತದೆ, ಲಾರಿ ರಸೀದಿ ಮಾತ್ರ ಮಾರಿದವರ ಕೈಯಲ್ಲಿರುತ್ತದೆ. ವರ್ತಕರು ಅಲ್ಲೇ ಪೆಟ್ಟಿಗೆ ನೋಡಿ ಹಣ ಹಾಕುತ್ತಾರೆ, ರಸೀದಿ ಅವರಿಗೆ ಹೋಗುತ್ತದೆ. ರಸೀದಿ ಇಲ್ಲದೆ ಸರಕು ಬಿಡಬಾರದೆಂದು ಲಾರಿ ಕಚೇರಿಗೆ ಮೊದಲೇ ಬರೆದು ಹೇಳಿರಬೇಕು. ಪರಿಚಯದ ಮೇಲೆ ಬಿಟ್ಟುಕೊಡುವ ಅಭ್ಯಾಸ ಕೆಲವು ಕಡೆ ಇದೆ.

## ದಿನಾಂಕ ಕಳೆದರೂ ಹಣ ಬಾರದಿದ್ದರೆ

ಸರಕು ಹಿಡಿದಿಟ್ಟ ಮಾತ್ರಕ್ಕೆ ವ್ಯವಹಾರ ರದ್ದಾಗುವುದಿಲ್ಲ. ಆ ತಟ್ಟೆಗಳನ್ನು ಸುಮ್ಮನೆ ಬೇರೆಯವರಿಗೆ ಮಾರಿಬಿಡುವಂತಿಲ್ಲ. ಮೊದಲು "ಇಂಥ ದಿನದೊಳಗೆ ಬಾಕಿ ಬಾರದಿದ್ದರೆ ಸರಕನ್ನು ಬೇರೆಯವರಿಗೆ ಮಾರುತ್ತೇವೆ" ಎಂದು ತಿಳಿವಳಿಕೆ ಕೊಟ್ಟು, ಹಣ ಹೊಂದಿಸಿಕೊಳ್ಳಲು ಸಾಕಷ್ಟು ಸಮಯ ಬಿಡಬೇಕು. ಹಾಗೆ ಮಾರಿದಾಗ ಬೆಲೆ ಕಡಿಮೆ ಬಂದರೆ ಆ ನಷ್ಟವನ್ನು ಮೊದಲ ಖರೀದಿದಾರರಿಂದ ಕೇಳಬಹುದು. ತಿಳಿಸದೆ ಮಾರಿದರೆ ನಷ್ಟ ಕೇಳುವ ಹಕ್ಕೂ ಹೋಗುತ್ತದೆ, ಹೆಚ್ಚಿಗೆ ಬಂದ ಲಾಭವನ್ನೂ ಅವರಿಗೆ ಒಪ್ಪಿಸಬೇಕಾಗುತ್ತದೆ. ಬೇಗ ಕೆಡುವ ಸರಕಿಗೆ ಮಾತ್ರ ಈ ಮುನ್ಸೂಚನೆ ಬೇಕಿಲ್ಲ. ಟೊಮೆಟೊ, ಹೂವು ಆ ಗುಂಪಿಗೆ ಸೇರುತ್ತವೆ. ಹಾಳೆ ತಟ್ಟೆ ಸೇರುವುದಿಲ್ಲ, ಆದರೂ ಜೂನ್ ಮಳೆ ಹಿಡಿದರೆ ಕರಾವಳಿಯ ತೇವಕ್ಕೆ ಬೂಷ್ಟು ಬರುತ್ತದೆ. ಆದ್ದರಿಂದ ತಿಳಿವಳಿಕೆಯನ್ನು ಮೇ ಕೊನೆಗೆ ತಳ್ಳದೆ ಏಪ್ರಿಲ್ ಆರಂಭದಲ್ಲೇ ಕೊಡುವುದು ಕ್ಷೇಮ.

ಸರಕು ಹೋಗಿ ಹಣ ಬಾರದಿದ್ದಾಗ, ಡಿಸೆಂಬರ್ ಬಿಲ್ಲಿನಂಥ ಸಂದರ್ಭದಲ್ಲಿ, ಉದ್ಯಮ್ ನೋಂದಣಿ ಇರುವ ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ 2006ರ ಎಂಎಸ್‌ಎಂಇ ಕಾಯ್ದೆಯ ಆಸರೆ ಇದೆ. ಲಿಖಿತ ಒಪ್ಪಂದವಿದ್ದರೂ ಹಣ ಕೊಡುವ ಅವಧಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ, ಬೆಳೆಯುತ್ತದೆ. ದೂರನ್ನು ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್ ಮುಂದೆ ಒಯ್ಯಬಹುದು.

ನಮ್ಮ ವರ್ತಕರು ಮಾರ್ಚ್ 24ಕ್ಕೆ ₹42,000 ಹಾಕಿದರು ಎಂದಿಟ್ಟುಕೊಳ್ಳಿ. ಖಾತೆ ನೋಡಿ, ಮರುದಿನ ತಟ್ಟೆಗಳನ್ನು ಲಾರಿಗೆ ಹಾಕಿ, ಘಟಕದವರು ಕೊನೆಯ ಸಂದೇಶ ಬರೆಯುತ್ತಾರೆ: "₹42,000 ಜಮೆಯಾಗಿದೆ. ಎರಡನೆಯ ಲೋಡ್ ಹೊರಟಿದೆ, ಲಾರಿ ರಸೀದಿಯ ಪ್ರತಿ ಜೊತೆಗಿದೆ. ಫೆಬ್ರವರಿಯ ಆರ್ಡರಿನ ಲೆಕ್ಕ ಚುಕ್ತಾ." ಇಷ್ಟು ದಿನ ತಡೆದಿಟ್ಟ ಪದವನ್ನು ಈಗ ಧಾರಾಳವಾಗಿ ಬರೆಯಬಹುದು.